ಬೋಧನಾ ಹೇಳಿಕೆ: ಒಂದು ಟ್ಯುಟೋರಿಯಲ್‌ನಿಂದ ಎಷ್ಟು ಬರೆಯಬಹುದು?

ಪ್ರಶ್ನೆ: ಭೌತವಿಜ್ಞಾನದಲ್ಲಿ ಪಿಎಚ್.ಡಿ. ಮುಗಿಸುತ್ತಿದ್ದೇನೆ. ಉಪನ್ಯಾಸಕ ಹುದ್ದೆಯ ಅರ್ಜಿಗೆ ಎರಡು ಪುಟದ ಬೋಧನಾ ಹೇಳಿಕೆ ಕೇಳಿದ್ದಾರೆ. "ವಿದ್ಯಾರ್ಥಿ ಕೇಂದ್ರಿತ ಬೋಧನೆಯಲ್ಲಿ ನನಗೆ ನಂಬಿಕೆಯಿದೆ, ಸಕ್ರಿಯ ಕಲಿಕೆಗೆ ಒತ್ತು ಕೊಡುತ್ತೇನೆ" ಎಂದೆಲ್ಲ ಬರೆದೆ. ಓದಿದ ನನ್ನ ಗೈಡ್, "ಇದರಲ್ಲಿ ನೀನೆಲ್ಲಿದ್ದೀಯ?" ಅಂದರು. ನಾನು ಮಾಡಿರುವುದು ಮೊದಲ ವರ್ಷದವರಿಗೆ ವಿದ್ಯುತ್ ಮಂಡಲಗಳ ಟ್ಯುಟೋರಿಯಲ್ ಮಾತ್ರ, ಸ್ವಂತ ಕೋರ್ಸ್ ನಡೆಸಿಲ್ಲ. ಅವರು ಕಲಿತರು ಅನ್ನುವುದಕ್ಕೆ ಪುರಾವೆ ಅಂತ ನಾನೇನು ತೋರಿಸಲಿ?

ಉತ್ತರ: ಸ್ವಂತ ಕೋರ್ಸ್ ಬೇಕಾಗಿಲ್ಲ. ವಿದ್ಯುತ್ ಮಂಡಲಗಳ ಒಂದು ಟ್ಯುಟೋರಿಯಲ್ ಇದ್ದರೆ ಎರಡು ಪುಟದಲ್ಲಿ ಒಂದು ಪುಟ ಅದರಿಂದಲೇ ತುಂಬುತ್ತದೆ, ಮತ್ತು ಅದೇ ಒಳ್ಳೆಯ ಪುಟವಾಗುತ್ತದೆ. ಆಯ್ಕೆ ಸಮಿತಿಯಲ್ಲಿ ಕೂತು ಇಂಥ ಹೇಳಿಕೆಗಳನ್ನು ಓದುವಾಗ ನಾನು ಹುಡುಕುವುದು ಮೂರೇ ಸಂಗತಿ. ಈ ವಿಷಯದಲ್ಲಿ ವಿದ್ಯಾರ್ಥಿಗಳು ಎಲ್ಲಿ ಎಡವುತ್ತಾರೆ ಎಂದು ಇವರಿಗೆ ಗೊತ್ತಿದೆಯೇ, ಗೊತ್ತಾದ ಮೇಲೆ ಇವರು ಏನು ಮಾಡಿದರು, ಮಾಡಿದ್ದು ಫಲ ಕೊಟ್ಟಿತೋ ಇಲ್ಲವೋ ಎಂದು ಹೇಗೆ ತಿಳಿದುಕೊಂಡರು. ನಂಬಿಕೆಯ ಮಾತುಗಳು ಈ ಮೂರರಲ್ಲಿ ಯಾವುದಕ್ಕೂ ಉತ್ತರ ಕೊಡುವುದಿಲ್ಲ. ಆದ್ದರಿಂದ ಆ ಮೊದಲ ಎರಡು ವಾಕ್ಯಗಳನ್ನು ತೆಗೆದುಬಿಡಿ. ಬರವಣಿಗೆಯನ್ನು ವಿದ್ಯಾರ್ಥಿಯ ಒಂದು ತಪ್ಪು ಉತ್ತರದಿಂದ ಶುರುಮಾಡಿ.

ನಿಮ್ಮದು ವಿದ್ಯುತ್ ಮಂಡಲ ಆದ್ದರಿಂದ ಕೈಗೆ ಸುಲಭವಾಗಿ ಸಿಗುವ ಒಂದು ಪ್ರಶ್ನೆ ಇದೆ. ಐದು ಒಂದೇ ಬಗೆಯ ಬಲ್ಬುಗಳು, ಮೂರು ಒಂದೇ ಬಗೆಯ ಬ್ಯಾಟರಿಗಳು. ಮೊದಲ ಬ್ಯಾಟರಿಗೆ ಎ ಬಲ್ಬು ಒಂದೇ. ಎರಡನೆಯದಕ್ಕೆ ಬಿ ಮತ್ತು ಸಿ ಸರಣಿಯಲ್ಲಿ. ಮೂರನೆಯದಕ್ಕೆ ಡಿ ಮತ್ತು ಇ ಸಮಾಂತರವಾಗಿ. ಬ್ಯಾಟರಿ ಆದರ್ಶ ಬ್ಯಾಟರಿ ಎಂದಿಟ್ಟುಕೊಂಡು ಐದೂ ಬಲ್ಬುಗಳನ್ನು ಬೆಳಕಿನ ಕ್ರಮದಲ್ಲಿ ಜೋಡಿಸಿ, ಕಾರಣ ಬರೆಯಿರಿ. ಎ, ಡಿ, ಇ ಸಮ, ಅವಕ್ಕಿಂತ ಮಂದವಾಗಿ ಬಿ ಮತ್ತು ಸಿ, ಇವೆರಡೂ ತಮ್ಮತಮ್ಮಲ್ಲಿ ಸಮ ಎಂಬುದು ಸರಿಯುತ್ತರ. ಲೆಕ್ಕವೇ ಇಲ್ಲದ ಪ್ರಶ್ನೆ. ಆದರೂ ವಾಷಿಂಗ್ಟನ್ ವಿಶ್ವವಿದ್ಯಾಲಯದ ಲಿಲಿಯನ್ ಮ್ಯಾಕ್‌ಡರ್ಮಟ್ ಮತ್ತು ಪೀಟರ್ ಶಾಫರ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಲನಶಾಸ್ತ್ರ ಸಹಿತ ಭೌತವಿಜ್ಞಾನ ಕಲಿಯುತ್ತಿದ್ದ ವಿದ್ಯಾರ್ಥಿಗಳಲ್ಲಿ ಸುಮಾರು 15 ಪ್ರತಿಶತ ಮಂದಿಯಷ್ಟೇ ಇದನ್ನು ಸರಿಯಾಗಿ ಬಿಡಿಸಿದ್ದರು. ಪಾಠಕ್ಕೆ ಮೊದಲು ಕೇಳಿದರೂ, ಎಂದಿನ ಬಗೆಯ ಪಾಠ ಮುಗಿದ ಮೇಲೆ ಕೇಳಿದರೂ ಆ ಪ್ರಮಾಣ ಹೆಚ್ಚೇನೂ ಬದಲಾಗಿರಲಿಲ್ಲ. ಕಿರ್ಚಾಫ್ ನಿಯಮದ ಸಮೀಕರಣಗಳನ್ನು ಬರೆಯಲು ಬರುವವರು ಬಲ್ಬಿನ ಮುಂದೆ ತಡವರಿಸುತ್ತಾರೆ.

ನಿಮ್ಮ ಹೇಳಿಕೆಗೆ ಉಪಯೋಗವಾಗುವುದು ಆ ಶೇಕಡಾವಾರಿಗಿಂತ ತಪ್ಪುಗಳ ಬಗೆ. ವಿದ್ಯಾರ್ಥಿಗಳು ಇಲ್ಲಿ ಮನಬಂದಂತೆ ತಪ್ಪು ಮಾಡುವುದಿಲ್ಲ. "ಬಿ ಹೆಚ್ಚು, ಸಿ ಕಡಿಮೆ" ಎಂದು ಬರೆದವರು, ಬಲ್ಬು ಕರೆಂಟನ್ನು ಸ್ವಲ್ಪ ತಿಂದು ಉಳಿದದ್ದನ್ನು ಮುಂದಕ್ಕೆ ಬಿಡುತ್ತದೆ ಎಂದುಕೊಂಡಿರುತ್ತಾರೆ. "ಎ, ಬಿ, ಸಿ ಸಮ, ಡಿ ಮತ್ತು ಇ ಅರ್ಧರ್ಧ" ಎಂದವರ ಲೆಕ್ಕ ಬೇರೆ: ಬ್ಯಾಟರಿ ಯಾವಾಗಲೂ ಒಂದೇ ಪ್ರಮಾಣದ ಕರೆಂಟ್ ಕೊಡುತ್ತದೆ, ಕವಲು ಬಂದಲ್ಲಿ ಅದು ಹಂಚಿಹೋಗುತ್ತದೆ. ಮೊದಲನೆಯವರಿಗೆ ಕರೆಂಟ್ ನಷ್ಟವಾಗುವುದಿಲ್ಲ ಎಂದು ತೋರಿಸಬೇಕು. ಎರಡನೆಯವರಿಗೆ ಅದು ಆಗಲೇ ಗೊತ್ತು. ಮಂಡಲದ ಒಟ್ಟು ರೋಧ ಬದಲಾದರೆ ಬ್ಯಾಟರಿಯಿಂದ ಹೊರಡುವ ಕರೆಂಟೇ ಬದಲಾಗುತ್ತದೆ ಎಂಬುದು ಅವರಿಗೆ ಹೊಳೆಯಬೇಕು. ಇಬ್ಬರಿಗೂ ಒಂದೇ ವಿವರಣೆ ಕೊಟ್ಟರೆ ಒಬ್ಬರಿಗೆ ಮುಟ್ಟುವುದಿಲ್ಲ. ಈ ಎರಡು ತಪ್ಪುಗಳನ್ನು ಬೇರ್ಪಡಿಸಿ ಎರಡೇ ವಾಕ್ಯ ಬರೆದರೆ ಸಾಕು, ಇವರು ಉತ್ತರಪತ್ರಿಕೆಗಳನ್ನು ಓದಿದ್ದಾರೆ, ಅಂಕ ಹಾಕಿ ಪಕ್ಕಕ್ಕಿಟ್ಟಿಲ್ಲ ಎಂದು ಸಮಿತಿಗೆ ಗೊತ್ತಾಗುತ್ತದೆ. ಬೇರೆ ವಿಷಯದವರು ಸಲಹೆ ಕೇಳಿದಾಗಲೂ ನಾನು ಮೊದಲು ಕೇಳುವುದು ಇದನ್ನೇ: ನಿಮ್ಮ ವಿಷಯದಲ್ಲಿ ಚೆನ್ನಾಗಿ ಓದುವ ಹುಡುಗರೂ ಮಾಡುವ ತಪ್ಪು ಯಾವುದು, ಅದರ ಹಿಂದಿನ ತರ್ಕ ಏನು?

ಇನ್ನು ಮಾಡಿದ್ದೇನು ಎಂಬ ಭಾಗ. "ಚಟುವಟಿಕೆ ಮಾಡಿಸಿದೆ" ಎಂದರೆ ಓದುವವರಿಗೆ ಏನೂ ಕಾಣುವುದಿಲ್ಲ. ಕೋಣೆಯಲ್ಲಿ ಯಾರು ಏನು ಮಾಡುತ್ತಿದ್ದರು, ಯಾವ ಕ್ರಮದಲ್ಲಿ, ಎಷ್ಟು ಹೊತ್ತು ಎಂದು ಬರೆಯಿರಿ. ಪ್ರತಿಯೊಬ್ಬರೂ ಮೊದಲು ಒಬ್ಬರೇ ಕೂತು ಹಾಳೆಯ ಮೇಲೆ ಕ್ರಮ ಮತ್ತು ಕಾರಣ ಬರೆದರು, ಐದು ನಿಮಿಷ. ಆಮೇಲೆ ಬೇರೆ ಉತ್ತರ ಬರೆದ ಪಕ್ಕದವರನ್ನು ಹುಡುಕಿಕೊಂಡು ವಾದಿಸಿದರು. ಆಮೇಲಷ್ಟೇ ಬಲ್ಬು, ತಂತಿ ಕೈಗೆ ಬಂದವು. ಕೊನೆಗೆ, ಮೊದಲ ಉತ್ತರವನ್ನು ಅಳಿಸದೆ, ಅದರ ಕೆಳಗೆ "ನಾನು ಮೊದಲು ಹೀಗೆಂದುಕೊಂಡಿದ್ದೆ, ಈಗ ಹೀಗೆನ್ನುತ್ತೇನೆ, ಯಾಕೆಂದರೆ" ಎಂದು ಬರೆದರು. ಊಹೆಯನ್ನು ಮೊದಲೇ ಬರೆಸಿದ್ದು ಯಾಕೆ ಎಂಬುದಕ್ಕೂ ಒಂದು ಮಾತು ಇರಲಿ. ಬರೆಸದಿದ್ದರೆ ಬಲ್ಬು ಉರಿದ ಕೂಡಲೇ "ನಾನೂ ಅದನ್ನೇ ಅಂದುಕೊಂಡಿದ್ದೆ" ಎನ್ನುವವರೇ ಹೆಚ್ಚು. ಹಾಗೆನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ, ತಮ್ಮ ಹಳೆಯ ಯೋಚನೆ ಅವರಿಗೇ ಮರೆತುಹೋಗಿರುತ್ತದೆ.

ಇಲ್ಲೇ ಒಂದು ಸಣ್ಣ ವಿವರ ಸೇರಿಸಿದರೆ ಬರಹಕ್ಕೆ ಬೇರೆಯೇ ತೂಕ ಬರುತ್ತದೆ. ನಿಜವಾದ ಬಲ್ಬು ಬ್ಯಾಟರಿಗಳು ಪುಸ್ತಕದಲ್ಲಿರುವಂತೆ ನಡೆದುಕೊಳ್ಳುವುದಿಲ್ಲ. ಹಳೆಯ ಬ್ಯಾಟರಿಯ ಒಳರೋಧ ಹೆಚ್ಚಿದ್ದರೆ ಡಿ ಮತ್ತು ಇ ಬಲ್ಬುಗಳು ಎಗಿಂತ ಮಂದವಾಗಿ ಉರಿಯುತ್ತವೆ, "ನೋಡಿ ಸಾರ್, ಹಂಚಿಹೋಯಿತು" ಎಂದು ತಪ್ಪು ಕಲ್ಪನೆ ಇನ್ನಷ್ಟು ಗಟ್ಟಿಯಾಗುತ್ತದೆ. ಅದಕ್ಕೇ ಹೊಸ ಬ್ಯಾಟರಿ ಅಥವಾ ವೋಲ್ಟೇಜ್ ಸ್ಥಿರವಾಗಿಡುವ ಪವರ್ ಸಪ್ಲೈ ಬೇಕು. ಒಂದೇ ಪೊಟ್ಟಣದ ಎರಡು ಬಲ್ಬುಗಳಲ್ಲೂ ಕೊಂಚ ವ್ಯತ್ಯಾಸವಿರುತ್ತದೆ, ಸರಣಿಯಲ್ಲಿ ಬಿ ತುಸು ಹೆಚ್ಚು ಬೆಳಗಿದರೆ ಕರೆಂಟ್ ಖರ್ಚಾಯಿತು ಎನ್ನುವವರಿಗೆ ಅದೇ ಸಾಕ್ಷಿ. ಆಗ ಎರಡು ಬಲ್ಬುಗಳನ್ನು ಅದಲುಬದಲು ಮಾಡಿಸಬೇಕು. ಹೆಚ್ಚಿನ ಬೆಳಕು ಜಾಗ ಬಿಟ್ಟು ಬಲ್ಬಿನ ಜೊತೆಗೇ ಹೋದರೆ ಅದು ಆ ಬಲ್ಬಿನ ಗುಣ, ಮಂಡಲದ್ದಲ್ಲ. ನೀವು ಹೀಗೆ ಮಾಡಿಸಿದ್ದರೆ ಬರೆಯಲೇಬೇಕು. ಟ್ಯುಟೋರಿಯಲ್ ನಡೆಸದೆ ಇದನ್ನು ಬರೆಯಲು ಬರುವುದಿಲ್ಲ, ನಡೆಸಿದವರು ಓದಿದ ಕೂಡಲೇ ಗುರುತು ಹಿಡಿಯುತ್ತಾರೆ.

ಈಗ ನೀವು ಕೇಳಿದ ಪುರಾವೆ. ನಿಮ್ಮ ಹತ್ತಿರ ಆ ಹಾಳೆಗಳಿದ್ದರೆ ಪುರಾವೆಯ ಮೊದಲ ಅರ್ಧ ಕೈಯಲ್ಲೇ ಇದೆ. ಎರಡನೇ ಅರ್ಧಕ್ಕೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಹೆಚ್ಚು ಬೆಲೆಯಿಲ್ಲ. ಕಣ್ಣಾರೆ ನೋಡಿದ ಬಲ್ಬುಗಳ ಕ್ರಮ ಯಾರಿಗಾದರೂ ನೆನಪಿರುತ್ತದೆ. ಒಂದೆರಡು ವಾರ ಕಳೆದ ಮೇಲೆ, ಅದೇ ತರ್ಕ ಬೇಕಾಗುವ, ಆದರೆ ಅವರು ನೋಡಿರದ ಮಂಡಲ ಕೊಡಬೇಕು. ಉದಾಹರಣೆಗೆ, ಎ ಬಲ್ಬು ಬ್ಯಾಟರಿಯ ಜೊತೆ ಸರಣಿಯಲ್ಲಿದೆ, ಅದರ ಮುಂದೆ ಬಿ ಮತ್ತು ಸಿ ಸಮಾಂತರವಾಗಿವೆ. ಸಿ ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿದರೆ ಎ ಏನಾಗುತ್ತದೆ, ಬಿ ಏನಾಗುತ್ತದೆ? ಒಂದು ದಾರಿ ಮುಚ್ಚಿದ್ದರಿಂದ ಒಟ್ಟು ರೋಧ ಹೆಚ್ಚುತ್ತದೆ, ಬ್ಯಾಟರಿಯಿಂದ ಹೊರಡುವ ಕರೆಂಟ್ ತಗ್ಗುತ್ತದೆ, ಎ ಮಂದವಾಗುತ್ತದೆ. ಬಿ ಮಾತ್ರ ಮೊದಲಿಗಿಂತ ಹೆಚ್ಚು ಬೆಳಗುತ್ತದೆ, ಏಕೆಂದರೆ ಮೊದಲು ಒಟ್ಟು ಕರೆಂಟಿನ ಅರ್ಧ ಮಾತ್ರ ಅದಕ್ಕೆ ಬರುತ್ತಿತ್ತು, ಈಗ ಇರುವುದಷ್ಟೂ ಅದರ ಮೂಲಕವೇ ಹೋಗಬೇಕು. ಬಲ್ಬುಗಳ ರೋಧ ಸಮ ಎಂದುಕೊಂಡರೆ ಒಟ್ಟು ರೋಧ ಒಂದೂವರೆ ಪಾಲಿನಿಂದ ಎರಡು ಪಾಲಿಗೆ ಏರುತ್ತದೆ. ಬಿಯ ಕರೆಂಟ್ ಒಂದೂವರೆ ಪಟ್ಟಾಗುತ್ತದೆ.

ಈ ಪ್ರಶ್ನೆಯ ಅಂದ ಏನೆಂದರೆ, "ಬ್ಯಾಟರಿ ಸದಾ ಒಂದೇ ಕರೆಂಟ್ ಕೊಡುತ್ತದೆ" ಎನ್ನುವವರು ಬಿಯ ಉತ್ತರವನ್ನು ಸರಿ ಬರೆದು ಎಯಲ್ಲಿ ಸಿಕ್ಕಿಬೀಳುತ್ತಾರೆ. ಅವರ ಪ್ರಕಾರ ಎ ಬದಲಾಗುವುದೇ ಇಲ್ಲ. ಎಷ್ಟು ಮಂದಿ ಸರಿ ಎಂಬುದರ ಜೊತೆಗೆ ಯಾವ ತಪ್ಪು ಉಳಿದಿದೆ ಎಂದೂ ಇದು ಹೇಳುತ್ತದೆ.

ಎಣಿಸುವಾಗ ಎರಡು ಎಚ್ಚರ ಬೇಕು. ಎರಡೂ ದಿನ ಹಾಜರಿದ್ದವರ ಹಾಳೆಗಳನ್ನು ಮಾತ್ರ ತೆಗೆದುಕೊಳ್ಳಿ. ಇಲ್ಲವಾದರೆ ಕಷ್ಟವಾಯಿತೆಂದು ಬಿಟ್ಟುಹೋದವರು ಲೆಕ್ಕದಿಂದ ಜಾರಿ, ತರಗತಿ ಇದ್ದದ್ದಕ್ಕಿಂತ ಚೆನ್ನಾಗಿ ಕಲಿತಂತೆ ಕಾಣುತ್ತದೆ. ಮತ್ತೆ, ಉತ್ತರ ಸರಿಯಿದ್ದು ಕಾರಣ ತಪ್ಪಿದ್ದರೆ ಅದನ್ನು ಸರಿ ಎಂದು ಎಣಿಸಬೇಡಿ. ಮೂವತ್ತು ನಲವತ್ತು ಮಂದಿಯ ತರಗತಿಗೆ ಶೇಕಡಾವಾರು ಬೇಡ, "36ರಲ್ಲಿ 22 ಮಂದಿ" ಎಂದೇ ಬರೆಯಿರಿ. ಓದುವವರಿಗೆ ತರಗತಿಯ ಗಾತ್ರವೂ ಒಟ್ಟಿಗೇ ಸಿಗುತ್ತದೆ.

ಇಷ್ಟನ್ನು ಒಟ್ಟು ಮಾಡಿದರೆ ಪ್ಯಾರಾ ಹೇಗೆ ಕಾಣಬಹುದು ಎಂದು ಬರೆದು ತೋರಿಸುತ್ತೇನೆ. ಅಂಕಿಗಳನ್ನು ಮಾದರಿಗಾಗಿ ಇಟ್ಟಿದ್ದೇನೆ; ನೀವು ನಿಮ್ಮ ಹಾಳೆಗಳಲ್ಲಿ ಎಣಿಸಿ ಸಿಕ್ಕಿದ್ದನ್ನೇ ಹಾಕಬೇಕು.

"ಮೊದಲ ವರ್ಷದ ವಿದ್ಯುತ್ ಮಂಡಲಗಳ ಟ್ಯುಟೋರಿಯಲ್‌ನಲ್ಲಿ ನನ್ನ ವಿದ್ಯಾರ್ಥಿಗಳು ಓಮ್‌ನ ನಿಯಮದ ಲೆಕ್ಕಗಳನ್ನು ಸರಾಗವಾಗಿ ಮಾಡುತ್ತಿದ್ದರು. ಆದರೆ ಐದು ಬಲ್ಬುಗಳನ್ನು ಬೆಳಕಿನ ಕ್ರಮದಲ್ಲಿ ಜೋಡಿಸಿ ಎಂದಾಗ 36ರಲ್ಲಿ 6 ಮಂದಿಯಷ್ಟೇ ಕಾರಣ ಸಹಿತ ಸರಿಯುತ್ತರ ಕೊಟ್ಟರು. ಕೆಲವರು ಬಲ್ಬು ಕರೆಂಟನ್ನು ಖರ್ಚು ಮಾಡುತ್ತದೆ ಎಂದು ಬರೆದಿದ್ದರು. ಅದಕ್ಕಿಂತ ಹೆಚ್ಚು ಮಂದಿ ಬ್ಯಾಟರಿ ಸದಾ ಒಂದೇ ಕರೆಂಟ್ ಕೊಡುತ್ತದೆ ಎಂದು ನಂಬಿದ್ದರು. ಮುಂದಿನ ಟ್ಯುಟೋರಿಯಲ್ಲನ್ನು ಈ ಎರಡು ಕಲ್ಪನೆಗಳ ಸುತ್ತ ಕಟ್ಟಿದೆ. ಊಹೆ ಬರೆದು, ಭಿನ್ನ ಉತ್ತರ ಬರೆದವರೊಡನೆ ವಾದಿಸಿ, ಮಂಡಲ ಕಟ್ಟಿ ನೋಡಿ, ಮೊದಲ ಉತ್ತರವನ್ನು ಉಳಿಸಿಕೊಂಡೇ ತಿದ್ದಿ ಬರೆಯುವುದು ಅದರ ಕ್ರಮ. ಎರಡು ವಾರಗಳ ನಂತರ ಅವರು ಕಂಡಿರದ ಮಂಡಲವೊಂದರ ಮೇಲೆ ಪ್ರಶ್ನೆ ಕೊಟ್ಟಾಗ ಅದೇ 36ರಲ್ಲಿ 22 ಮಂದಿ ಕಾರಣ ಸಹಿತ ಸರಿಯಾಗಿ ಉತ್ತರಿಸಿದರು. ಉಳಿದ 14ರಲ್ಲಿ 9 ಮಂದಿ ಬ್ಯಾಟರಿಯ ಕರೆಂಟ್ ಬದಲಾಗುವುದಿಲ್ಲ ಎಂಬ ಕಲ್ಪನೆಯಲ್ಲೇ ಇದ್ದರು. ಹೀಗಾಗಿ ಮುಂದಿನ ಬ್ಯಾಚಿಗೆ, ಬಲ್ಬುಗಳನ್ನು ಒಂದೊಂದಾಗಿ ಸಮಾಂತರವಾಗಿ ಸೇರಿಸುತ್ತ ಬ್ಯಾಟರಿಯ ಪಕ್ಕದಲ್ಲೇ ಅಮ್ಮೀಟರ್ ಇಟ್ಟು ಅಳೆಯುವ ಹಂತವನ್ನು ಸೇರಿಸಿದೆ. ಎರಡು ಪ್ರಶ್ನೆಗಳ ಕಷ್ಟದ ಮಟ್ಟ ಒಂದೇ ಅಲ್ಲ, ಹೋಲಿಕೆಗೆ ಬೇರೊಂದು ಗುಂಪೂ ಇರಲಿಲ್ಲ. ಆದ್ದರಿಂದ ಈ ಬದಲಾವಣೆಯಷ್ಟೂ ನನ್ನ ಟ್ಯುಟೋರಿಯಲ್‌ನಿಂದಲೇ ಬಂತು ಎಂದು ಹೇಳಲಾರೆ."

ಕೊನೆಯ ಎರಡು ವಾಕ್ಯಗಳನ್ನು ತೆಗೆಯೋಣ, ಅರ್ಜಿ ದುರ್ಬಲವಾಗಿ ಕಾಣುತ್ತದೆ ಎಂದು ಬಹಳ ಮಂದಿಗೆ ಅನಿಸುತ್ತದೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ತೆಗೆಯಬೇಡಿ. ಸಮಿತಿಯಲ್ಲಿ ಕೂತಿರುವವರೂ ಸಂಶೋಧಕರೇ. ಹೋಲಿಕೆಯ ಗುಂಪು ಎಲ್ಲಿ ಎಂಬ ಪ್ರಶ್ನೆ ಅವರಿಗೆ ಓದುವಾಗಲೇ ಏಳುತ್ತದೆ, ಉತ್ತರ ಅಲ್ಲೇ ಇದ್ದರೆ ಮುಂದಕ್ಕೆ ಹೋಗುತ್ತಾರೆ. ಆ 9 ಮಂದಿಯ ಮಾತಂತೂ ಇಡೀ ಪ್ಯಾರಾದ ಅತ್ಯುತ್ತಮ ವಾಕ್ಯ. ಕಲಿಯದೆ ಉಳಿದವರು ಯಾಕೆ ಉಳಿದರು ಎಂದು ನೋಡಿ, ಅದರ ಪ್ರಕಾರ ಪಾಠವನ್ನು ಬದಲಿಸಿದ ಅಭ್ಯರ್ಥಿ ನಮಗೆ ಬಹಳ ಅಪರೂಪಕ್ಕೆ ಸಿಗುತ್ತಾರೆ.

ಮ್ಯಾಕ್‌ಡರ್ಮಟ್ ಅವರ ಅಧ್ಯಯನವನ್ನು ಹೇಳಬಹುದೇ ಎಂದರೆ, ಒಂದು ವಾಕ್ಯದಲ್ಲಿ ಹೇಳಿ. ತೊಡಕು ನಿಮ್ಮ ತರಗತಿಯದ್ದಷ್ಟೇ ಅಲ್ಲ, ದಾಖಲಾಗಿರುವಂಥದ್ದು ಎಂದು ಅದು ತೋರಿಸುತ್ತದೆ. ಅದಕ್ಕಿಂತ ಹೆಚ್ಚಾದರೆ ಹೇಳಿಕೆ ಸಾಹಿತ್ಯ ಸಮೀಕ್ಷೆಯಾಗುತ್ತದೆ, ನಿಮ್ಮ ತರಗತಿ ಮರೆಯಾಗುತ್ತದೆ.

ನಿಮ್ಮ ಹತ್ತಿರ ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಅಂಕಗಳೂ ಇರಬಹುದು, ಐದಕ್ಕೆ ನಾಲ್ಕೂವರೆ ಎಂಬಂಥವು. ಒಂದು ಸಾಲಿನಲ್ಲಿ ಕೊಡಿ, ಆದರೆ ಕಲಿಕೆಯ ಪುರಾವೆ ಎಂದು ಕರೆಯಬೇಡಿ. ವಿದ್ಯಾರ್ಥಿಗೆ ಕಲಿತಂತೆ ಅನಿಸುವುದೂ ನಿಜಕ್ಕೂ ಕಲಿಯುವುದೂ ಬೇರೆಬೇರೆ. ಹಾರ್ವರ್ಡ್‌ನ ಪ್ರಾಥಮಿಕ ಭೌತವಿಜ್ಞಾನ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಾವೇ ಸಮಸ್ಯೆ ಬಿಡಿಸುತ್ತ ಕಲಿತ ಗುಂಪು ಪರೀಕ್ಷೆಯಲ್ಲಿ ಹೆಚ್ಚು ಅಂಕ ತೆಗೆಯಿತು, ಆದರೆ ನಯವಾದ ಉಪನ್ಯಾಸ ಕೇಳಿದ ಗುಂಪಿಗೆ ತಾವೇ ಹೆಚ್ಚು ಕಲಿತೆವು ಎಂದು ಅನಿಸಿತ್ತು. ಹಾಗೆಂದು ಫೀಡ್‌ಬ್ಯಾಕ್ ಕೆಲಸಕ್ಕೆ ಬಾರದ್ದಲ್ಲ. ಉತ್ತರ ಹೇಳಲು ಹೆದರಿಕೆಯಾಗುತ್ತಿತ್ತೇ, ಬೋರ್ಡು ಓದಲು ಬರುತ್ತಿತ್ತೇ, ಪ್ರಶ್ನೆ ಕೇಳಲು ಅವಕಾಶವಿತ್ತೇ ಎಂಬುದನ್ನು ವಿದ್ಯಾರ್ಥಿಗಳಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಹಾಗಿರುವಾಗ "ತುಂಬಾ ಒಳ್ಳೆಯ ಟೀಚರ್" ಎಂಬ ಹೊಗಳಿಕೆಗಿಂತ, "ಮೊದಲ ಉತ್ತರ ಅಳಿಸಬೇಡಿ ಅಂದದ್ದರಿಂದ ಎಲ್ಲಿ ತಪ್ಪಿದೆ ಅಂತ ಗೊತ್ತಾಯಿತು" ಎಂಬಂಥ ಮಾತು ನಿಮಗೆ ಸಿಕ್ಕಿದ್ದರೆ ಅದನ್ನು ಆರಿಸಿಕೊಳ್ಳಿ. ವಿದ್ಯಾರ್ಥಿಯ ಬರಹವನ್ನು ಉದ್ಧರಿಸುವುದಾದರೆ ಹೆಸರು ಬೇಡ, ಅನುಮತಿ ಬೇಕು.

ಹಾಳೆಗಳನ್ನು ಇಟ್ಟುಕೊಂಡೇ ಇಲ್ಲ ಎನ್ನುವುದಾದರೆ? ನೆನಪಿನಿಂದ ಅಂಕಿ ಕಟ್ಟಬೇಡಿ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಅದು ಬಿಚ್ಚಿಕೊಳ್ಳುತ್ತದೆ. ನೀವು ತಿದ್ದಿದ ಸೆಮಿಸ್ಟರ್ ಪರೀಕ್ಷೆಯ ಉತ್ತರಪತ್ರಿಕೆಗಳು ವಿಭಾಗದಲ್ಲಿ ಇನ್ನೂ ಇರಬಹುದು. ಕೋರ್ಸಿನ ಮುಖ್ಯ ಅಧ್ಯಾಪಕರನ್ನು ಕೇಳಿ, ಅವರ ಒಪ್ಪಿಗೆಯ ಮೇಲೆ ಮಂಡಲದ ಒಂದೇ ಪ್ರಶ್ನೆಯನ್ನು ಎತ್ತಿಕೊಂಡು, ತಪ್ಪುಗಳನ್ನು ಬಗೆಬಗೆಯಾಗಿ ವಿಂಗಡಿಸಿ. ಅದು ಮೊದಲು ಮತ್ತು ನಂತರದ ಹೋಲಿಕೆ ಆಗುವುದಿಲ್ಲ, ಆದರೆ ಯಾವ ಕಲ್ಪನೆ ಎಷ್ಟು ಮಂದಿಯಲ್ಲಿ ಉಳಿದಿತ್ತು ಎಂಬುದು ನಿಜವಾದ ಮಾಹಿತಿ. ಅರ್ಜಿಗೆ ಇನ್ನೂ ಮೂರು ವಾರ ಇದ್ದು, ಟ್ಯುಟೋರಿಯಲ್ ನಡೆಯುತ್ತಿದ್ದರೆ ಈ ವಾರ ಒಂದು ಪ್ರಶ್ನೆ, ಎರಡು ವಾರ ಬಿಟ್ಟು ಇನ್ನೊಂದು ಕೇಳಲು ಸಮಯವಿದೆ. ಯಾವುದೂ ಆಗದಿದ್ದರೆ, ಏನು ಮಾಡಿದಿರಿ ಎಂದು ವಿವರವಾಗಿ ಬರೆದು, ಮುಂದಿನ ಬಾರಿ ಯಾವ ಎರಡು ಪ್ರಶ್ನೆಗಳಿಂದ ಅಳೆಯುತ್ತೀರಿ ಎಂದು ಆ ಪ್ರಶ್ನೆಗಳನ್ನೇ ಕೊಡಿ.

ಉಳಿದ ಪುಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಇನ್ನೊಂದು ಉದಾಹರಣೆ ಚಿಕ್ಕದಾಗಿ ಬರಲಿ, ಆದರೆ ಬೇರೆ ಬಗೆಯದ್ದಾಗಿರಲಿ: ಪ್ರಯೋಗಾಲಯದ ವರದಿಗೆ ಕೊಟ್ಟ ತಿದ್ದುಪಡಿ, ಅದರಿಂದ ಎರಡನೇ ಕರಡಿನಲ್ಲಿ ಅಳತೆಯ ಅನಿಶ್ಚಿತತೆಯ ವಿವರಣೆ ಹೇಗೆ ಬದಲಾಯಿತು ಎಂಬಂಥದ್ದು. ಆಮೇಲೆ ಆ ವಿಭಾಗದ ಕೋರ್ಸ್ ಪಟ್ಟಿ ನೋಡಿ, ನೀವು ಕಲಿಸಬಹುದಾದ ಒಂದೋ ಎರಡೋ ಕೋರ್ಸುಗಳ ಹೆಸರು ಹೇಳಿ, ಈಗ ತೋರಿಸಿದ ಕ್ರಮವನ್ನು ಅಲ್ಲಿ ಎಲ್ಲಿ ಬಳಸುತ್ತೀರಿ ಎಂದು ಬರೆಯಿರಿ. ತರಗತಿಯಲ್ಲಿ 36ರ ಬದಲು 150 ಮಂದಿ ಇದ್ದರೆ ಬಲ್ಬು, ತಂತಿ ಎಲ್ಲರಿಗೂ ಸಿಗುವುದಿಲ್ಲ. ಅಲ್ಲಿ ಊಹೆ ಬರೆಸಿ, ಪಕ್ಕದವರೊಡನೆ ವಾದಿಸಲು ಬಿಟ್ಟು, ಮೇಜಿನ ಮೇಲೆ ಒಂದೇ ದೊಡ್ಡ ಮಂಡಲವನ್ನು ಎಲ್ಲರಿಗೂ ಕಾಣುವಂತೆ ಕಟ್ಟಿ ತೋರಿಸುತ್ತೀರಾ? ಇದಕ್ಕೆ ಉತ್ತರ ಇರಬೇಕು, ಏಕೆಂದರೆ ಅವರ ತರಗತಿ ದೊಡ್ಡದಿದ್ದರೆ ಅವರ ಮೊದಲ ಚಿಂತೆ ಅದೇ.

ಹೇಳಿಕೆ ಮುಗಿದ ಮೇಲೆ ನಿಮ್ಮ ವಿಷಯ ಗೊತ್ತಿಲ್ಲದ ಒಬ್ಬ ಅಧ್ಯಾಪಕರಿಗೆ ಓದಲು ಕೊಡಿ. ಸಮಿತಿಯಲ್ಲಿ ಬೇರೆ ವಿಭಾಗದವರೂ ಇರುತ್ತಾರೆ, ಕೆಲವೊಮ್ಮೆ ಅವರ ಮತವೇ ನಿರ್ಣಾಯಕ. ಓದಿದವರು ಹೇಳಿಕೆಯನ್ನು ಮುಚ್ಚಿಟ್ಟು, ನಿಮ್ಮ ವಿದ್ಯಾರ್ಥಿಗಳು ಮಾಡುತ್ತಿದ್ದ ತಪ್ಪೇನು, ನೀವು ಮಾಡಿದ್ದೇನು ಎಂದು ತಮ್ಮ ಮಾತಿನಲ್ಲಿ ಹೇಳಬಲ್ಲರಾದರೆ ಕಳಿಸಿಬಿಡಿ. ಹೇಳಲಾಗದಿದ್ದರೆ ಬಲ್ಬುಗಳ ವಿವರಣೆಯನ್ನು ಇನ್ನೊಮ್ಮೆ ಸರಳ ಮಾಡಿ. ಸಂದರ್ಶನಕ್ಕೆ ಕರೆ ಬಂದಾಗ ಆ ಎರಡು ಪ್ರಶ್ನೆಗಳನ್ನು ಒಂದು ಹಾಳೆಯ ಮೇಲೆ ಮುದ್ರಿಸಿಕೊಂಡು ಹೋಗಿ. ಬೋರ್ಡಿನ ಮೇಲೆ ಬಿಡಿಸಿ ತೋರಿಸಿ ಎಂದು ಯಾರಾದರೊಬ್ಬರು ಕೇಳುವ ಸಾಧ್ಯತೆ ಹೆಚ್ಚು.